ಆಗಿದೆ ಅಂದ್ರೆ ಎಲ್ಲಿಗೆ ಆಗಿದೆ?

ಮಂಗಳವಾರ ಬೆಳಗ್ಗೆ ಏಳು ಗಂಟೆಗೆ ಮಾವ ಫೋನ್ ಮಾಡಿದರು. ತೀರ್ಥಹಳ್ಳಿ ಕಡೆ ರಾತ್ರಿಯೆಲ್ಲ ಮಳೆ. ಮಾತು ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ಒಂದು ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಏಜೆಂಟು ಆಗಿದೆ ಅಂತಾನೆ. ಬ್ಯಾಂಕಿನವರು ಬಂದಿಲ್ಲ ಅಂತಾರೆ. ಆಗಿದೆ ಅಂದ್ರೆ ಎಲ್ಲಿಗೆ ಆಗಿದೆ ಮಾರಾಯ?"

ಅವತ್ತು ಮಗಳ ಕಾಲೇಜು ಫೀಸು ಕಟ್ಟೋಕೆ ಕೊನೆ ದಿನ. ಅಡಿಕೆ ಮಂಡಿಯಲ್ಲಿ ಮುಂಗಡ ತಗೊಂಡು ಮಕ್ಕಳನ್ನು ಓದಿಸುವ ಪಾಡು ಬೇಡ ಅಂತಲೇ ಮಾವ 2015ರಿಂದ ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ದುಡ್ಡು ಹಾಕಿದ್ದು. ಹಿಂದಿನ ವಾರ ಅದರಲ್ಲಿ 2,40,000 ರೂಪಾಯಿ ತೆಗೆಯೋಕೆ ಹೇಳಿದ್ದರು. ಬಂದಿದ್ದು 60,000 ಮಾತ್ರ.

ಮೊದಲು ನನಗೂ ಇದು ದಿನದ ಲೆಕ್ಕದ ಗೊಂದಲ ಅನ್ನಿಸಿತು. ಯಾಕಂದರೆ ಅದೂ ಇತ್ತು. ಮಾವ ಯೂನಿಟ್ ಮಾರಿದ್ದು ಬುಧವಾರ ಮಧ್ಯಾಹ್ನ 3.40ಕ್ಕೆ. ಏಜೆಂಟು "ಎರಡು ದಿನದಲ್ಲಿ ಬರುತ್ತೆ" ಅಂದಿದ್ದ. ಹಾಗಾಗಿ ಮಾವ ಶುಕ್ರವಾರದಿಂದಲೇ ಕಾಯೋಕೆ ಶುರು ಮಾಡಿದ್ದರು. ಆದರೆ ಮೂರು ಗಂಟೆಯೊಳಗೆ ಕೋರಿಕೆ ತಲುಪಿದರೆ ಮಾತ್ರ ಆ ದಿನದ ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ಆ ದಿನದ ಬೆಲೆ, ಸಿಗುವುದು. ಮೂರು ದಾಟಿದರೆ ಮಾರನೇ ಕೆಲಸದ ದಿನದ್ದು. ಎರಡು ದಿನದ ಲೆಕ್ಕ ಶುರುವಾಗೋದು ಗುಂಡಿ ಒತ್ತಿದ ದಿನದಿಂದ ಅಲ್ಲ, ಯಾವ ದಿನದ ಎನ್‌ಎವಿ ಸಿಕ್ಕಿತೋ ಆ ದಿನದಿಂದ. ಮಾವನಿಗೆ ಸಿಕ್ಕಿದ್ದು ಗುರುವಾರದ್ದು. ಶುಕ್ರವಾರ ಒಂದು, ಸೋಮವಾರ ಎರಡು. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಷೇರಿನ ಫಂಡುಗಳಿಗೆ 2023ರ ಫೆಬ್ರವರಿಯಿಂದ ಇದೇ ಪದ್ಧತಿ. ಅದಕ್ಕೂ ಮೊದಲು ಮೂರು ದಿನ ಇತ್ತು.

"ಭಾನುವಾರವೂ ನೆಫ್ಟ್ ಓಡುತ್ತೆ ಅಲ್ವಾ?" ಅಂತ ಮಾವ ಕೇಳಿದರು. ಓಡುತ್ತೆ. 2019ರ ಡಿಸೆಂಬರಿನಿಂದ ನೆಫ್ಟ್‌ಗೆ ಹಗಲು ರಾತ್ರಿ, ರಜೆ ಅನ್ನೋದಿಲ್ಲ. ಆದರೆ ದುಡ್ಡು ಹೊರಡೋಕೆ ಮೊದಲು ಫಂಡಿನವರ ಕೈಗೆ ಬರಬೇಕು. ಅವರು ಷೇರು ಮಾರಿ ದುಡ್ಡು ಪಡೆಯೋದು ಮಾರುಕಟ್ಟೆ ತೆರೆದಿರುವ ದಿನಗಳಲ್ಲೇ. ಬಸ್ಸು ಎಷ್ಟು ಹೊತ್ತಿಗೆ ಬೇಕಾದರೂ ಹೊರಡಬಹುದು, ಆದರೆ ಹತ್ತುವವರು ಇನ್ನೂ ಮನೆಯಲ್ಲೇ ಇದ್ದಾರೆ. ಹೀಗೆ ಹೇಳಿದ ಮೇಲೆ ಮಾವನಿಗೆ ಅರ್ಥವಾಯಿತು.

ಆದರೆ ಸೋಮವಾರ ಕಳೆದಿತ್ತು. 60,000 ಸೋಮವಾರವೇ ಬಂದಿತ್ತು. ಅದೇ ಫಂಡು, ಅದೇ ದಿನ ಮಾರಿದ್ದು. ಹಾಗಾದರೆ ಉಳಿದ 1,80,000ಕ್ಕೆ ದಿನದ ಲೆಕ್ಕ ಕಾರಣ ಆಗೋಕೆ ಸಾಧ್ಯವೇ ಇಲ್ಲ. ಇದು ಹೊಳೆದ ಕೂಡಲೇ ನಾನು ಕೇಳಿದ್ದು ಒಂದೇ ಪ್ರಶ್ನೆ: "ಮಾವ, ಎರಡೂ ಒಂದೇ ಫೋಲಿಯೊನಾ?"

ಅಲ್ಲ. ಫೋಲಿಯೊ ಅಂದರೆ ಫಂಡಿನವರ ಹತ್ತಿರ ನಮ್ಮ ಹೂಡಿಕೆಯ ಖಾತೆ. ಮಾವನಿಗೆ ಅಂಥವು ಎರಡಿದ್ದವು. ಒಂದು 2015ರಲ್ಲಿ ಏಜೆಂಟು ಕಾಗದದ ಅರ್ಜಿ ತುಂಬಿಸಿ ಮಾಡಿದ್ದು. ಇನ್ನೊಂದು 2021ರಲ್ಲಿ ಮಗಳ ಫೋನಿನಿಂದ ಮಾಡಿದ್ದು. ಬಂದಿದ್ದು ಎರಡನೆಯದರ ದುಡ್ಡು.

ಎಷ್ಟೋ ಜನ ಅಂದುಕೊಂಡಿರೋದು ಪ್ಯಾನ್ ಒಂದೇ, ಹೆಸರು ಒಂದೇ, ಹಾಗಾಗಿ ಬ್ಯಾಂಕ್ ಖಾತೆಯೂ ಎಲ್ಲ ಕಡೆ ಒಂದೇ ಇರುತ್ತೆ ಅಂತ. ಹಾಗಲ್ಲ. ಬ್ಯಾಂಕ್ ಖಾತೆ ಫೋಲಿಯೊಗೆ ಅಂಟಿಕೊಂಡಿರುತ್ತೆ, ಮನುಷ್ಯನಿಗಲ್ಲ. ಹೊಸ ಫೋಲಿಯೊದಲ್ಲಿ ಹೊಸ ಖಾತೆ ಕೊಟ್ಟರೆ ಹಳೆಯದರಲ್ಲಿ ಹಳೆಯದೇ ಕೂತಿರುತ್ತೆ.

ಮಾವನ ಹಳೆ ಖಾತೆಯ ಕಥೆ ಮಲೆನಾಡಿನಲ್ಲಿ ಮನೆಮನೆಯದ್ದು. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿಗೆ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್‌ಗೆ ಸೇರಿದವು. ಮಾವನಿಗೆ ಇಂಥದ್ದೇ ಒಂದು ವಿಲೀನದಲ್ಲಿ ಎರಡೂ ಕಡೆ ಖಾತೆ ಇತ್ತು. ಒಂದೇ ಬ್ಯಾಂಕಲ್ಲಿ ಎರಡು ಪಾಸ್‌ಬುಕ್ ಯಾಕೆ ಅಂತ ಹಳೆಯದನ್ನು ಮುಚ್ಚಿಸಿದರು. ಯಾರೂ ತಪ್ಪು ಅನ್ನೋ ಹಾಗಿಲ್ಲ. ಆದರೆ ಆ ಖಾತೆಗೆ ಒಂದು ಫೋಲಿಯೊ ಕಟ್ಟಿಕೊಂಡಿದೆ ಅನ್ನೋದು ಯಾರಿಗೂ ನೆನಪಾಗಲಿಲ್ಲ.

ಬುಧವಾರ ಮಾವ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಬಂದರು. ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ಕುಗಳನ್ನು ತೆಗೆದು ನನ್ನ ಮುಂದೆ ಇಟ್ಟರು. ಹಳೆಯದರ ರಟ್ಟಿನ ಮೇಲೆ ಅಡಿಕೆ ಚೊಗರಿನ ಕಲೆ, ಕೊನೆಯ ಪುಟದಲ್ಲಿ ಬಾಕಿ ಸೊನ್ನೆ, ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡ ಗೆರೆ. ಆ ಗೆರೆ ನೋಡಿದಾಗ ನನಗೆ ಅರ್ಧ ಉತ್ತರ ಸಿಕ್ಕಿತ್ತು. ಉಳಿದರ್ಧ ಫಂಡಿನ ಸಹಾಯವಾಣಿಯಿಂದ ಬಂತು.

ಏಜೆಂಟಿನ ಪರದೆಯಲ್ಲಿ ಬರೆದಿದ್ದು Processed ಅಂತ. ಅದನ್ನೇ ಅವನು "ಆಗಿದೆ" ಅಂದಿದ್ದು. ಅದರ ಅರ್ಥ ಯೂನಿಟ್ ಮಾರಾಟವಾಗಿದೆ, ಬೆಲೆ ನಿಗದಿಯಾಗಿದೆ ಅಂತ ಅಷ್ಟೇ. ದುಡ್ಡು ಖಾತೆಗೆ ಬಿದ್ದಿದೆ ಅಂತಲ್ಲ. ಬಿದ್ದಿದೆಯೋ ಇಲ್ಲವೋ ತಿಳಿಯೋಕೆ ಕೇಳಬೇಕಾದ್ದು ಬೇರೆ: ದುಡ್ಡು ಕಳಿಸಿದಾಗ ಹುಟ್ಟುವ ಗುರುತಿನ ನಂಬರ್, ಅಂದರೆ ಯುಟಿಆರ್ ಏನು, ದುಡ್ಡು ಯಾವ ಖಾತೆಗೆ ಹೋಯಿತು, ವಾಪಸ್ ಬಂದಿದೆಯಾ? ಯುಟಿಆರ್ ಇನ್ನೂ ಹುಟ್ಟಿಲ್ಲ ಅಂದರೆ ದುಡ್ಡು ಹೊರಟೇ ಇಲ್ಲ, ಕಾಯಬೇಕು. ನಂಬರ್ ಇದ್ದೂ ಖಾತೆಯಲ್ಲಿ ಕಾಣದಿದ್ದರೆ ಎಷ್ಟು ಕಾದರೂ ಅಷ್ಟೆ. ಆ ನಂಬರ್ ಇಟ್ಟುಕೊಂಡು ಹುಡುಕಿಸಬೇಕು.

ಸಹಾಯವಾಣಿಯಲ್ಲಿ ಸಿಕ್ಕ ಹುಡುಗಿ ತಾಳ್ಮೆಯಿಂದ ಓದಿ ಹೇಳಿದಳು. ಸೋಮವಾರ ಮಧ್ಯಾಹ್ನ ದುಡ್ಡು ಕಳಿಸಿದ್ದಾರೆ, ಯುಟಿಆರ್ ಇದೆ, ಆಮೇಲೆ ವಾಪಸ್ ಬಂದಿದೆ. ಕಾರಣ, ಖಾತೆ ಮುಚ್ಚಿದೆ. ದುಡ್ಡು ಫಂಡಿನ ಬಳಿಯೇ ಇದೆ. ಗುರುವಾರದ ಬೆಲೆಗೆ ಮಾರಿದ್ದು ಮಾರಿದ ಹಾಗೆಯೇ. ಇನ್ನು ಮಾರುಕಟ್ಟೆ ಏರಲಿ ಇಳಿಯಲಿ, ಮಾವನ ಮೊತ್ತ ಬದಲಾಗೋದಿಲ್ಲ.

ಮಾವ ಸ್ಪೀಕರಿನ ಹತ್ತಿರ ಬಾಗಿ ಕೂತಿದ್ದರು. "ಹಾಗಾದ್ರೆ ಬಡ್ಡಿ?" ಅಂದರು. ನ್ಯಾಯವಾದ ಪ್ರಶ್ನೆ. ಮೂರು ಕೆಲಸದ ದಿನದೊಳಗೆ ದುಡ್ಡು ಕಳಿಸದಿದ್ದರೆ ಫಂಡು ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ ಕೊಡಬೇಕು ಅಂತ ಸೆಬಿ ನಿಯಮ ಇದೆ. 1,80,000ಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 74 ರೂಪಾಯಿ. ಆದರೆ ಇಲ್ಲಿ ಫಂಡಿನವರು ಹೊತ್ತಿಗೆ ಸರಿಯಾಗಿ ಕಳಿಸಿದ್ದಾರೆ. ನಾವು ಕೊಟ್ಟ ಖಾತೆ ಇಲ್ಲದ್ದಕ್ಕೆ ವಾಪಸ್ ಬಂದಿದೆ. ಆ ಬಡ್ಡಿ ಕೇಳೋ ಹಾಗಿಲ್ಲ. ಮಾವ ತಲೆಯಾಡಿಸಿದರು, ವಾದ ಮಾಡಲಿಲ್ಲ.

ಅಷ್ಟರಲ್ಲಿ ಮಂಗಳವಾರವೇ ಅವರು ಮಂಡಿಗೆ ಹೋಗಿ ಮುಂಗಡ ತಗೊಂಡು ಫೀಸು ಕಟ್ಟಿ ಆಗಿತ್ತು. ಅದನ್ನು ಅವರು ಹೇಳಿದ್ದು ಊಟದ ಹೊತ್ತಿಗೆ, ತಟ್ಟೆ ನೋಡುತ್ತಾ. ನನಗೆ ಕೋಪ ಬಂದಿದ್ದು ಆಗಲೇ. ಏಜೆಂಟು ಕೆಟ್ಟವನಲ್ಲ, ಮದುವೆ ಮುಂಜಿಗೆಲ್ಲ ಬರುವವನು. ಆದರೆ ಹಳೆ ಫೋಲಿಯೊದ ಮೇಲೆ ವರ್ಷ ವರ್ಷ ಅವನಿಗೆ ಕಮಿಷನ್ ಹೋಗುತ್ತೆ. ಮಾರುವ ಮುಂಚೆ ಒಪ್ಪಿಗೆ ಪುಟದಲ್ಲಿ ಖಾತೆಯ ಕೊನೆಯ ನಾಲ್ಕು ಅಂಕಿ ಇತ್ತು. ಅದನ್ನು ಓದಿ "ಮಾವ, ಈ ಖಾತೆ ಇದೆಯಾ?" ಅಂತ ಕೇಳೋಕೆ ಅರ್ಧ ನಿಮಿಷ ಸಾಕಿತ್ತು. ಮಂಗಳವಾರವೂ ಪರದೆಯ ಒಂದು ಪದ ಓದಿ ಆಗಿದೆ, ಆಗಿದೆ ಅಂತ ಮೂರು ಸಲ ಹೇಳಿದ. ಬ್ಯಾಂಕಿನ ಕೌಂಟರಿನವರೂ ಅಷ್ಟೆ. ಹೊಸ ಪಾಸ್‌ಬುಕ್ ನೋಡಿ ಬಂದಿಲ್ಲ ಅಂದರು. ಇಬ್ಬರೂ ಹೇಳಿದ್ದು ನಿಜ. ಇಬ್ಬರ ನಿಜದ ನಡುವೆ ಒಬ್ಬ ರೈತ ಮಂಡಿಗೆ ಹೋಗಬೇಕಾಯಿತು.

ಆವತ್ತು ರಾತ್ರಿ ಇನ್ನೊಂದು ಯೋಚನೆ ಬಂತು. ನೆಫ್ಟ್‌ನಲ್ಲಿ ದುಡ್ಡು ಜಮಾ ಆಗೋದು ಖಾತೆ ನಂಬರ್ ನೋಡಿಯೇ. ಹೆಸರು ತಾಳೆ ಆಗಲೇಬೇಕು ಅಂತಿಲ್ಲ. ಮುಚ್ಚಿದ ಖಾತೆ ಆಗಿದ್ದಕ್ಕೆ ದುಡ್ಡು ವಾಪಸಾದರೂ ಬಂತು. 2015ರ ಅರ್ಜಿಯಲ್ಲಿ ಒಂದು ಅಂಕಿ ತಪ್ಪಿ ಅದು ಬೇರೆಯವರ ಖಾತೆ ಆಗಿದ್ದಿದ್ದರೆ? ಈಗ ಹೊಸ ಖಾತೆ ಸೇರಿಸುವಾಗ ಮೊದಲು ಒಂದು ರೂಪಾಯಿ ಕಳಿಸಿ, ಬ್ಯಾಂಕಿನಿಂದ ಬರುವ ಹೆಸರನ್ನು ತಾಳೆ ನೋಡುವುದು ಇದಕ್ಕೇ.

ಗುರುವಾರ ಫಂಡಿನ ಲೆಕ್ಕಪತ್ರ ನೋಡಿಕೊಳ್ಳುವ ರಿಜಿಸ್ಟ್ರಾರ್ ಸೇವಾ ಕೇಂದ್ರಕ್ಕೆ ಹೋದೆವು. ಬ್ಯಾಂಕ್ ವಿವರ ಬದಲಾಯಿಸುವ ಅರ್ಜಿ ಒಂದೇ ಹಾಳೆ. ಕಷ್ಟ ಇದ್ದಿದ್ದು ದಾಖಲೆಯಲ್ಲಿ. ಹೊಸ ಖಾತೆಗೆ ಹೆಸರು ಅಚ್ಚಾಗಿರುವ ರದ್ದು ಮಾಡಿದ ಚೆಕ್ ಕೇಳಿದರು. ಮಾವನ ಚೆಕ್ಕಿನಲ್ಲಿ ಹೆಸರೇ ಅಚ್ಚಾಗಿರಲಿಲ್ಲ. ಅದಕ್ಕೆ ಪಾಸ್‌ಬುಕ್ಕಿನ ಮೊದಲ ಪುಟ ಮತ್ತು ಸ್ಟೇಟ್‌ಮೆಂಟ್ ಕೊಟ್ಟೆವು. ಹಳೆ ಖಾತೆ ಮಾವನದ್ದೇ ಆಗಿತ್ತು ಅನ್ನೋದಕ್ಕೂ ಪುರಾವೆ ಬೇಕು. ಬೇರೆ ಯಾರೋ ಬಂದು ಖಾತೆ ಬದಲಾಯಿಸಿಕೊಂಡು ದುಡ್ಡು ಹೊಡೆಯಬಾರದಲ್ಲ. ಅಲ್ಲಿ ಕೆಲಸಕ್ಕೆ ಬಂದಿದ್ದು ಆ ಚೊಗರಿನ ಕಲೆಯ ಪಾಸ್‌ಬುಕ್ಕೇ. ಅತ್ತೆ ಅದನ್ನು ಎರಡು ಸಲ ರದ್ದಿಗೆ ಹಾಕೋಕೆ ಹೊರಟಿದ್ದರಂತೆ. ಅದು ಇಲ್ಲದಿದ್ದರೆ ಹಳೆ ಖಾತೆಯ ಬಗ್ಗೆ ಬ್ಯಾಂಕಿನಿಂದ ಪತ್ರ ತರಬೇಕಿತ್ತು.

ಕೇಂದ್ರದಲ್ಲಿದ್ದವರು ಇನ್ನೊಂದು ಮಾತು ಹೇಳಿದರು. ಹೀಗೆ ವಾಪಸ್ ಬಂದ ದುಡ್ಡನ್ನು ಕೇಳೋರೇ ಇಲ್ಲದೆ ಬಿಟ್ಟರೆ ಅದನ್ನು ವಾರಸುದಾರರಿಲ್ಲದ ಮೊತ್ತ ಅಂತ ಪ್ರತ್ಯೇಕವಾಗಿ ತೊಡಗಿಸಿ ಇಡುತ್ತಾರೆ. ಮೂರು ವರ್ಷದೊಳಗೆ ಕೇಳಿದರೆ ಅದರ ಗಳಿಕೆಯೂ ಸೇರಿ ಸಿಗುತ್ತೆ. ಆಮೇಲೆ ಕೇಳಿದರೆ ಅಸಲು ಮತ್ತು ಮೂರು ವರ್ಷದವರೆಗಿನ ಗಳಿಕೆ ಮಾತ್ರ. ಮಾವ ಅದನ್ನು ಕೇಳಿ ಸುಮ್ಮನೆ ಕೂತರು. ಆಮೇಲೆ ತಮ್ಮ ಅಣ್ಣನ ಹೆಸರು ಹೇಳಿ, "ಅವನದ್ದೂ ಅದೇ ಹಳೆ ಬ್ಯಾಂಕು. ಹೋಗಿ ನಾಲ್ಕು ವರ್ಷ ಆಯ್ತು. ಅತ್ತಿಗೆಗೆ ಇದೆಲ್ಲ ಏನೂ ಗೊತ್ತಿಲ್ಲ" ಅಂದರು. ಅಲ್ಲೇ ಕೂತು ಆ ಮನೆಗೆ ಫೋನ್ ಮಾಡಿ, ಫಂಡಿನ ಕಾಗದ ಏನಾದರೂ ಇದ್ದರೆ ತೆಗೆದಿಡೋಕೆ ಹೇಳಿದರು.

ನಿನ್ನೆ ಶುಕ್ರವಾರ ಸಂಜೆ ಮತ್ತೆ ಮಾವನ ಫೋನು. ಈ ಸಲ ಮಳೆ ಇರಲಿಲ್ಲ, ದನಿ ಚೆನ್ನಾಗಿ ಕೇಳಿಸಿತು.

"ಒಂದು ರೂಪಾಯಿ ಬಂದಿದೆ ಮಾರಾಯ."

"ಯಾವ ಖಾತೆಗೆ ಮಾವ?"

ಪಾಸ್‌ಬುಕ್ ತೆಗೆದ ಸದ್ದಾಯಿತು. ಮೆಸೇಜಿನ ಕೊನೆಯ ನಾಲ್ಕು ಅಂಕಿಯನ್ನು ಅದರ ಜೊತೆ ತಾಳೆ ನೋಡುತ್ತಾ, ಒಂದೊಂದಾಗಿ ಓದಿ ಹೇಳಿದರು.