ಬಟ್ಟೆಯ ಮೇಲಿನ ಕಪ್ಪು ಚೂರು

ಒಗೆದ ಬಟ್ಟೆಯ ಮೇಲೆ ಕಪ್ಪು, ಬೂದು ಚೂರು ಕಂಡರೆ ಮೊದಲು ವಾಷಿಂಗ್ ಮಷೀನಿನ ಲಿಂಟ್ ಫಿಲ್ಟರ್ ತೆಗೆಯಿರಿ. ಬಲೆಯ ಚೀಲವನ್ನು ತಿರುವಿ ಹಾಕಿ ನಲ್ಲಿ ಕೆಳಗೆ ತೊಳೆದರೆ ಸಾಕು. ಹರಿದಿದ್ದರೆ ಹೊಸದು ಹಾಕಿ.

ಆಮೇಲೂ ಚೂರು ಬಂದರೆ ಕೊಳೆ ಡ್ರಮ್ಮಿನೊಳಗೆ ಬಟ್ಟೆ ತಿರುಗಿಸುವ ಅಜಿಟೇಟರ್ ಅಡಿಯಲ್ಲಿ ಇರುವ ಸಾಧ್ಯತೆ ಜಾಸ್ತಿ. ಇವತ್ತು ನಮ್ಮ ಮಷೀನಿನದ್ದು ಬಿಚ್ಚಿದೆ. ಪ್ಲಗ್ ಕಿತ್ತು, ಮೇಲಿನ ಮುಚ್ಚಳ ತೆಗೆದು, ನಡುವಿನ ಸ್ಕ್ರೂ ಬಿಚ್ಚಿದರೂ ಅದು ಅಲುಗಲಿಲ್ಲ. ಬಿಸಿನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟೆ. ಅಂಚಿನಡಿ ಎರಡೂ ಬದಿ ಗಟ್ಟಿ ಹಗ್ಗ ತೂರಿಸಿ ನೇರವಾಗಿ ಮೇಲಕ್ಕೆ ಎಳೆದಾಗ ಬಂತು. ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಪ್ಲಾಸ್ಟಿಕ್ ಸೀಳುತ್ತದೆ.

ಒಳಗೆ ಬೆರಳಿಗೆ ಅಂಟುವ ಬೂದು ಲೋಳೆ. ತಣ್ಣೀರಲ್ಲಿ ಪೂರ್ತಿ ಕರಗದ ಸೋಪಿನ ಪುಡಿ, ಸಾಫ್ಟನರ್ ಜಿಡ್ಡು, ಬಟ್ಟೆಯ ನೂಲು ಎಲ್ಲ ಸೇರಿ ಆಗಿದ್ದು. ಬಟ್ಟೆ ಇನ್ನಷ್ಟು ಶುಭ್ರವಾಗಲಿ ಅಂತ ಜಾಸ್ತಿ ಹಾಕುವ ಪುಡಿಯೇ ಕೊಳೆಯಾಗಿ ಉಳಿಯುತ್ತದೆ ಅಲ್ವಾ ಅನ್ನಿಸಿತು.

ಹಳೆಯ ಟೂತ್‌ಬ್ರಷ್, ಬಿಸಿನೀರು ಸಾಕಾಯಿತು. ವಾಪಸ್ ಕೂರಿಸುವಾಗ ಒಳಗಿನ ಹಲ್ಲುಗಳು ಸರಿಯಾಗಿ ಸೇರಿವೆಯೇ ನೋಡಿ, ಆಮೇಲೆ ಸ್ಕ್ರೂ ಬಿಗಿಯಿರಿ. ಬಟ್ಟೆ ಹಾಕದೆ ಒಮ್ಮೆ ಓಡಿಸಿ. ಬಿಡಿಸಿಕೊಂಡ ಚೂರುಗಳು ಲಿಂಟ್ ಚೀಲಕ್ಕೆ ಬರುತ್ತವೆ, ಅದನ್ನು ಮತ್ತೆ ತೊಳೆಯಿರಿ.