ಹುಳಕ್ಕೆ ಹೆದರಿ ಬೂಸ್ಟು ಬೆಳೆಸಿದ್ದು

ಆರು ಕೆಜಿ ಕಡಲೆಬೀಜ ಆಗ್ಲೇ ಇಶ್ಯೂ ಆಗಿ ಹುರಿಯೋಕೆ ಹೋಗಿದೆ ಅಂತ ಗೊತ್ತಾದಾಗ ನಾನು ಸ್ಟೋರಿಂದ ಕಿಚನ್‌ಗೆ ಚಪ್ಪಲಿ ಬಿಟ್ಟು ಓಡಿದ್ದು ನಮ್ಮ ಹುಡುಗರಿಗೆ ಈಗ್ಲೂ ತಮಾಷೆ. ನಂಗೆ ಮಾತ್ರ ನಗು ಬರಲ್ಲ, ಯಾಕಂದ್ರೆ ಆ ಡ್ರಮ್ ತುಂಬಿಸಿ ಮುಚ್ಚಳ ಬಿಗಿದು "ಇನ್ನು ಯಾವ ಹುಳ ಬರುತ್ತೋ ನೋಡ್ತೀನಿ" ಅಂದವನು ನಾನೇ.

ಶುರುವಾಗಿದ್ದು ಬೇಳೆಯಿಂದ. ಆಡಿಟ್‌ಗೆ ನಾಲ್ಕು ದಿನ ಇದ್ದಾಗ ಇಡೀ ಕಾಳಿನ ಒಂದು ಮೂಟೆ ಬಿಚ್ಚಿದ್ರೆ ಕಾಳಿನ ಮೇಲೆಲ್ಲ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿ, ಕೆಲವಕ್ಕೆ ಸೂಜಿಯಲ್ಲಿ ಕೊರೆದಂಗೆ ದುಂಡನೆ ತೂತು. ಆ ಬಿಳಿ ಚುಕ್ಕಿ ಮೊಟ್ಟೆ, ಒಳಗಡೆ ತಿಂದು ಮುಗಿಸಿ ಹೊರಗೆ ಬಂದ ದಾರಿ ಆ ತೂತು. ಈ ಹುಳ ಎಷ್ಟೋ ಸಲ ಹೊಲದಲ್ಲೇ ಕಾಳಿನ ಜೊತೆ ಸೇರಿಕೊಂಡು ಬಂದಿರುತ್ತೆ, ನಮ್ಮ ಸ್ಟೋರ್ ಎಷ್ಟೇ ಗುಡಿಸಿದ್ರೂ ತಪ್ಪಲ್ಲ. ಪಕ್ಕದಲ್ಲಿ ಗೋಧಿ ಮೂಟೆ, ಅದರೊಳಗೆ ಮೊಣಕೈವರೆಗೂ ಕೈ ಹಾಕಿದೆ, ಮಧ್ಯದಲ್ಲಿ ಬೆಚ್ಚಗಿತ್ತು. ಹೊರಗೆ ತಣ್ಣಗಿದ್ದು ನಡುವೆ ಬೆಚ್ಚಗಿದೆ ಅಂದ್ರೆ ಒಳಗೆ ಹುಳ ಇಲ್ಲಾ ಬೂಸ್ಟು ಉಸಿರಾಡ್ತಾ ಇದೆ ಅಂತ ಅರ್ಥ. ಗೋಧಿ ಅಕ್ಕಿ ಹುಳದ ಮರಿ ಕಾಳಿನ ಒಳಗಡೆನೇ ಬೆಳೆಯೋದು, ಬೆಚ್ಚಗಿದ್ರೆ ಒಂದು ತಿಂಗಳ ಆಸುಪಾಸಲ್ಲಿ ಮೊಟ್ಟೆಯಿಂದ ದೊಡ್ಡ ಹುಳ ಆಗುತ್ತೆ, ಹಂಗಾಗಿ ಜರಡಿ ಹಿಡಿದು ಕಂಡಿದ್ದನ್ನೆಲ್ಲ ತೆಗೆದ್ರೂ ಮೂರು ವಾರಕ್ಕೆ ಮತ್ತೆ ಹಾಜರು.

ಹಿಟ್ಟಿನ ಬಿನ್ ಕೂಡ ನೋಡಿದೆ. ಹಿಟ್ಟಿಗೆ ನಾನು ಮಾಡೋದು ಸುಲಭದ ಕೆಲಸ, ಮೇಲ್ಭಾಗ ಸೌಟಿನ ಹಿಂಭಾಗದಲ್ಲಿ ನುಣ್ಣಗೆ ಸವರಿ ಬಿಟ್ಟು ಟೀ ಕುಡಿದು ಬಂದು ನೋಡೋದು, ಗೆರೆ ಗುಳಿ ಎದ್ದಿದ್ರೆ ನುಸಿ ಇದೆ. ಇತ್ತು. ಹೊಸ ಹಿಟ್ಟಿನ ತಪ್ಪಲ್ಲ ಅದು, ತಳದಲ್ಲಿ ಮೂಲೆಗೆ ಅಂಟಿಕೊಂಡ ಹಳೇ ಹಿಟ್ಟಿನ ಮೇಲೆ ಹೊಸದು ಸುರಿಯೋ ನಮ್ಮ ಸೋಮಾರಿತನದ್ದು.

ನಾಲ್ಕು ದಿನ. ನಂಗೆ ಗಾಬರಿ. ಮೇಡಂ (ನಮ್ಮ ಸ್ಟೋರ್ಸ್ ಇನ್‌ಚಾರ್ಜ್) ಹತ್ರ ಹೋಗಿ ಹೇಳಿದ್ರೆ "ಏನಾದ್ರೂ ಮಾಡಪ್ಪ, ಚೆಕ್‌ಲಿಸ್ಟಲ್ಲಿ ಪೆಸ್ಟ್ ಅನ್ನೋ ಜಾಗದಲ್ಲಿ ನೋ ಅಂತ ಬರಬೇಕು" ಅಂದ್ರು. ನಮ್ಮ ಚೆಕ್‌ಲಿಸ್ಟಲ್ಲಿ ಪೆಸ್ಟ್‌ಗೆ ಜಾಗ ಇದೆ, ಇಲಿಗೆ ಇದೆ, ಬಲ್ಬ್ ಉರಿಯುತ್ತಾ ಇಲ್ವಾ ಅನ್ನೋಕೂ ಇದೆ, ತೇವಾಂಶಕ್ಕೆ ಇಲ್ಲ. ಇದನ್ನ ನೆನಪಿಟ್ಕೊಳಿ.

ಹುಳ ಬಿದ್ದ ಎರಡು ಮೂಟೆ ಹೊರಗೆ ಹಾಕಿದೆ. ಉಳಿದ ಗೋಧಿ, ಬೇಳೆಗೆಲ್ಲ ಗಾಳಿಯಾಡದ ಡ್ರಮ್ಮು, ರಬ್ಬರ್ ರಿಂಗ್ ಇರೋ ಮುಚ್ಚಳ. ಇದು ಸರಿಯಾದ ಕೆಲಸವೇ, ಕಾಳು ಒಣಗಿದ್ರೆ. ಪಾತ್ರೆ ತುಂಬಿಸಿ ನಿಜವಾಗ್ಲೂ ಬಿಗಿಯಾಗಿ ಮುಚ್ಚಿ ತೆಗೆಯದೇ ಬಿಟ್ರೆ ಒಳಗಿನ ಆಮ್ಲಜನಕ ಹುಳಗಳೇ ಉಸಿರಾಡಿ ಖಾಲಿ ಮಾಡ್ಕೊಂಡು ಸಾಯ್ತವೆ, ಔಷಧಿ ಗುಳಿಗೆ ಏನೂ ಬೇಡ. ಆ ಗುಳಿಗೆಯನ್ನ ಕಿಚನ್ ಪಕ್ಕದ ಸ್ಟೋರಲ್ಲಿ ಇಡೋಣ ಅಂತ ಒಬ್ಬ ಹೇಳಿದ್ದ, ಅದರಿಂದ ಬರೋ ಗ್ಯಾಸ್ ಜನರನ್ನೇ ಕೊಲ್ಲುತ್ತೆ ಮಾರಾಯ ಅಂತ ಬೈದು ಕಳಿಸಿದೆ, ಅದೊಂದು ಬುದ್ಧಿ ಆವತ್ತು ನೆಟ್ಟಗಿತ್ತು. ಕಾಳಿಗೆ ಉಪ್ಪಿನ ಟೆಸ್ಟೂ ಮಾಡಿದೆ, ಒಣಗಿದ ಗಾಜಿನ ಬಾಟ್ಲಿಯಲ್ಲಿ ಕಾಳು, ಮೇಲೆ ಚೆನ್ನಾಗಿ ಒಣಗಿಸಿದ ಉಪ್ಪು, ಮುಚ್ಚಿ ಅಲ್ಲಾಡಿಸಿ ಹದಿನೈದು ನಿಮಿಷ ಬಿಡೋದು, ಉಪ್ಪು ಗಾಜಿಗೆ ಅಂಟಿದ್ರೆ ತೇವ ಹೆಚ್ಚು. ಅಂಟಲಿಲ್ಲ. ಅಂದ್ರೆ ತೇವ ಸುಮಾರು 15 ಪರ್ಸೆಂಟಿಗಿಂತ ಕಮ್ಮಿ ಅಂತಷ್ಟೇ, ತುಂಬಾ ದಿನ ಇಡೋಕೆ 12ರ ಒಳಗೆ ಇರಬೇಕು. ಇದು ಒರಟು ಲೆಕ್ಕ.

ಅದೇ ಜೋಶಲ್ಲಿ ಅವತ್ತು ಬೆಳಿಗ್ಗೆ ಇಳಿದ 50 ಕೆಜಿ ಕಡಲೆಬೀಜನೂ ಡ್ರಮ್ಮಿಗೆ ಸುರಿದೆ. ಗಾಡಿಯ ಟಾರ್ಪಾಲ್ ಹರಿದಿತ್ತು, ಚೀಲದ ಒಂದು ಮೂಲೆ ಕೈಗೆ ತಣ್ಣಗೆ ಹತ್ತಿತ್ತು. ಮೇಲಿನ ಬೀಜ ಎರಡು ಒಡೆದು ನೋಡಿದೆ, ಚೆನ್ನಾಗಿದೆ ಅನ್ನಿಸ್ತು. ತೇವ ನೋಡೋ ಮೀಟರ್ ಇತ್ತು, ಅದಕ್ಕೆ ಸೆಲ್ ಇರಲಿಲ್ಲ. ಸೆಲ್‌ಗೆ ಇಂಡೆಂಟ್ ಹಾಕಿ ಎರಡು ತಿಂಗಳಾಗಿತ್ತು. ಸೆಲ್ ಇದ್ದಿದ್ರೂ ಅದು ಗೋಧಿಗೆ ಸೆಟ್ ಮಾಡಿದ ಮೀಟರು, ಎಣ್ಣೆ ಇರೋ ಬೀಜಕ್ಕೆ ತಪ್ಪು ತೋರಿಸುತ್ತೆ, ಅದು ಬೇರೆ ವಿಷ್ಯ.

ಆಡಿಟ್ ಪಾಸಾಯ್ತು. ಮೇಡಂ ಎಲ್ಲರ ಮುಂದೆ ಹೊಗಳಿದ್ರು.

ಮೂರು ವಾರ ಆದ್ಮೇಲೆ ಸ್ಟಾಕ್ ನೋಡೋಣ ಅಂತ ಆ ಡ್ರಮ್ ತೆಗೆದೆ. ಮುಗ್ಗಲು ವಾಸನೆ ಮುಖಕ್ಕೆ ಹೊಡೀತು. ಮುಚ್ಚಳದ ಒಳಗಡೆ ನೀರಿನ ಹನಿ, ಮೇಲಿನ ಪದರದ ಬೀಜ ಒಂದಕ್ಕೊಂದು ಅಂಟಿ ಉಂಡೆ ಆಗಿತ್ತು, ಅಲ್ಲಲ್ಲಿ ಹಳದಿ ಮಿಶ್ರ ಹಸಿರು ಪುಡಿ. ಡ್ರಮ್ಮಿನ ಲೆಕ್ಕ ಬರೆಯೋ ಬಿನ್ ಕಾರ್ಡ್ ನೋಡಿದ್ರೆ ಅರ್ಧ ಗಂಟೆ ಹಿಂದೆ ಆರು ಕೆಜಿ ಇಶ್ಯೂ. ಹುಡುಗ ಉಂಡೆ ಪಕ್ಕಕ್ಕೆ ಸರಿಸಿ ಕೆಳಗಿನ "ಚೆನ್ನಾಗಿರೋದು" ತೂಗಿ ಕೊಟ್ಟಿದ್ದ. ಓಡಿದೆ.

ಕಿಚನಲ್ಲಿ ಹುರಿದು ಆಗಿತ್ತು, ಗ್ರೈಂಡರ್‌ಗೆ ಹಾಕೋಕೆ ರೆಡಿ. "ನಿಲ್ಸಿ ಅಣ್ಣ" ಅಂತ ಕಿರುಚಿದೆ. ಹೆಡ್ ಕುಕ್ಕಣ್ಣ ಇಪ್ಪತ್ತು ವರ್ಷದ ಅನುಭವಿ, ತಟ್ಟೆ ನನ್ನ ಮುಂದೆ ಹಿಡಿದು "ನೋಡೋ, ಒಂದಾದ್ರೂ ಕೆಟ್ಟಿದೆಯಾ? ಬೂಸ್ಟು ಇದ್ರೂ ಹುರಿದ ಮೇಲೆ ಸತ್ತೋಯ್ತು" ಅಂದ. ನೋಡಿದೆ. ಕೆಂಪಗೆ ಹುರಿದು ಘಮ್ ಅಂತಿತ್ತು. ಒಂದು ನಿಮಿಷ ನಾನೇ ತಪ್ಪೇನೋ ಅನ್ನಿಸ್ತು, ಬಾಯಿಗೆ ಹಾಕಿ ರುಚಿ ನೋಡಿ ಕಹಿ ಇಲ್ಲ ಅಂದ್ರೆ ಬಿಡೋಣ ಅಂತ ಕೈ ಕೂಡ ಹೋಯ್ತು. ಹಾಕಲಿಲ್ಲ. ಅಣ್ಣ ಹೇಳಿದ್ದು ಅರ್ಧ ನಿಜ, ಹುರಿದ್ರೆ ಬೂಸ್ಟು ಸಾಯುತ್ತೆ. ಆದ್ರೆ ಆ ಬೂಸ್ಟು ಬಿಟ್ಟು ಹೋದ ವಿಷ ಇದೆಯಲ್ಲ ಅಫ್ಲಾಟಾಕ್ಸಿನ್, ಅದು ಜೀವ ಇರೋ ವಸ್ತು ಅಲ್ಲ ಸಾಯೋಕೆ, ಹುರಿಯೋ ಬಿಸಿಗೆ ಸ್ವಲ್ಪ ಕಮ್ಮಿ ಆಗಬಹುದು, ಹೋಗಲ್ಲ. ರುಚಿಯಲ್ಲೂ ಗೊತ್ತಾಗಲ್ಲ. ಕಹಿ ಬೀಜ ಕಂಡ್ರೆ ಉಗೀಬೇಕು ನಿಜ, ಕಹಿ ಇಲ್ಲ ಅಂದ್ರೆ ಸರಿ ಅಂತಲ್ಲ. ಅದು ಹೊಡೆಯೋದು ಲಿವರ್‌ಗೆ. 1960ರಲ್ಲಿ ಇಂಗ್ಲೆಂಡಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತು, ಕಾರಣ ಹುಡುಕಿದ್ರೆ ಅವಕ್ಕೆ ಹಾಕಿದ ಕಡಲೆಕಾಯಿ ಹಿಂಡಿ, ಅಲ್ಲಿಂದಲೇ ಈ ವಿಷ ಜನಕ್ಕೆ ಗೊತ್ತಾಗಿದ್ದು.

ಆಗ ಮೇಡಂ ಬಂದ್ರು. ಅವರ ಸಲಹೆ, ಕೆಟ್ಟದ್ದು ಆರಿಸಿ ತೆಗೆದು ಉಳಿದಿದ್ದು ಬಳಸೋಣ. ಆರಿಸೋದು ಕೆಟ್ಟ ಸಲಹೆ ಅಲ್ಲ, ನಾವು ಮಾಡೋದೂ ಅದನ್ನೇ. ಸುಕ್ಕಾಗಿದ್ದು, ಸಣ್ಣಗೆ ಮುರುಟಿದ್ದು, ಸಿಪ್ಪೆ ಕಪ್ಪಾಗಿದ್ದು, ಹುಳ ಕೊರೆದಿದ್ದು, ಮೊಳಕೆ ಒಡೆದಿದ್ದು, ಇವುಗಳಲ್ಲೇ ವಿಷ ಹೆಚ್ಚಿರೋದು, ತೆಗೆದ್ರೆ ನಿಜವಾಗ್ಲೂ ಕಮ್ಮಿ ಆಗುತ್ತೆ. ಹಾಗಂತ ಮೇಲಿನಿಂದ ಚೆನ್ನಾಗಿ ಕಾಣೋದೆಲ್ಲ ಚೆನ್ನಾಗಿದೆ ಅಂತ ಅಲ್ಲ. ಟೇಬಲ್ ಮೇಲೆ ಬಿಳಿ ಪೇಪರ್ ಹಾಸಿ ಡ್ರಮ್ಮಿನ ಮೇಲೆ ಮಧ್ಯ ಕೆಳಗೆ ಮೂರೂ ಕಡೆಯಿಂದ, ನೋಡೋಕೆ ಚೆಂದ ಇರೋ ನೂರು ಬೀಜ ಎಣಿಸಿ, ಮಾಸ್ಕು ಗ್ಲೌಸು ಹಾಕಿ ಒಂದೊಂದೇ ಎರಡು ಹೋಳು ಮಾಡಿದೆ. ಎರಡು ಹೋಳಿನ ನಡುವೆ ಸಣ್ಣ ಟೊಳ್ಳು ಇರುತ್ತಲ್ಲ, ಅಲ್ಲೇ ಬೂಸ್ಟು ಅಡಗಿ ಕೂರೋದು. ಏಳು ಬೀಜದಲ್ಲಿ ಅಲ್ಲಿ ಬೂದು ಹಸಿರು ಪುಡಿ ಇತ್ತು, ಸಿಪ್ಪೆ ಮೇಲೆ ಒಂದು ಕಲೆ ಇಲ್ಲ. ಅಣ್ಣ ಮಾತಾಡಲಿಲ್ಲ.

"ಹಾಗಾದ್ರೆ ಒಂದು ಹಿಡಿ ಲ್ಯಾಬ್‌ಗೆ ಕಳಿಸೋಣ" ಅಂದ್ರು ಮೇಡಂ. ಇಲ್ಲೇ ನಂಗೆ ಅವರನ್ನ ಒಪ್ಪಿಸೋಕೆ ಜಾಸ್ತಿ ಹೊತ್ತು ಹಿಡಿದಿದ್ದು. ಸಂಸ್ಕರಣೆಗೆ ಹೋಗೋ ಕಡಲೆಬೀಜಕ್ಕೆ ಕೋಡೆಕ್ಸ್ ಅನ್ನೋ ಅಂತಾರಾಷ್ಟ್ರೀಯ ಆಹಾರ ಮಾನದಂಡ ಹಾಕಿರೋ ಅಫ್ಲಾಟಾಕ್ಸಿನ್ ಮಿತಿ ಕೆಜಿಗೆ 15 ಮೈಕ್ರೋಗ್ರಾಂ. ನಮ್ಮ 50 ಕೆಜಿಗೆ ಲೆಕ್ಕ ಹಾಕಿದ್ರೆ ಇಡೀ ಡ್ರಮ್ಮಿಗೆ ಮುಕ್ಕಾಲು ಮಿಲಿಗ್ರಾಂ. ತೀರಾ ಕೆಟ್ಟ ಒಂದೆರಡು ಬೀಜದಲ್ಲೇ ಅಷ್ಟು ಇರಬಹುದು. ಆ ಬೀಜ ನೀವು ಕಳಿಸಿದ ಹಿಡಿಯಲ್ಲಿ ಸಿಕ್ಕಿಲ್ಲ ಅಂದ್ರೆ ರಿಪೋರ್ಟ್ ಕ್ಲೀನು, ಸಿಕ್ಕಿದ್ರೆ ಭಯಂಕರ, ಎರಡೂ ಡ್ರಮ್ಮಿನ ನಿಜ ಹೇಳಲ್ಲ. ಅದಕ್ಕೇ ಸರಿಯಾಗಿ ಟೆಸ್ಟ್ ಮಾಡೋರು ಹತ್ತಾರು ಕಡೆಯಿಂದ ಕೆಜಿಗಟ್ಟಲೆ ತೆಗೆದು ಎಲ್ಲ ಒಟ್ಟಿಗೆ ಅರೆದು ಆಮೇಲೆ ಅದರಲ್ಲಿ ನೋಡೋದು. ಎಲೆಕ್ಟ್ರಿಷಿಯನ್ ಯುವಿ ಲೈಟ್ ಟಾರ್ಚ್ ತಂದ, ಅದು ಮೆಕ್ಕೆಜೋಳದಲ್ಲಿ ಈ ಬೂಸ್ಟಿನ ಸುಳಿವು ಕೊಡುತ್ತೆ, ಕಡಲೆಬೀಜಕ್ಕೆ ನಂಬೋಕಾಗಲ್ಲ ಅಂತ ವಾಪಸ್ ಕಳಿಸಿದೆ. ಕೊನೆಗೆ ಹುರಿದ ಆರು ಕೆಜಿ ಸೇರಿಸಿ ಅಷ್ಟೂ ಔಟ್. ಲೋಡಿಂಗ್ ಹುಡುಗ ಹಸುಗೆ ಹಾಕ್ತೀನಿ ಕೊಡಿ ಅಂದ, ಹಸು ತಿಂದ್ರೆ ಬೇರೆ ರೂಪದಲ್ಲಿ ಹಾಲಿಗೆ ಬರುತ್ತಪ್ಪ ಅಂತ ಹೇಳಿ ನೀರು ಸುರಿದು ಕಸದ ಜೊತೆ ಕಲಸಿಬಿಟ್ಟೆ, ಇಲ್ಲಾಂದ್ರೆ ಯಾರಾದ್ರೂ ಎತ್ಕೊಂಡು ಹೋಗ್ತಿದ್ರು.

ಸಾಯಂಕಾಲ ಕೂತು ಯೋಚ್ನೆ ಮಾಡಿದ್ರೆ ಹೊಟ್ಟೆ ಉರೀತು. ಅದೇ ಲಾರಿಯಲ್ಲಿ ಇಳಿದ ಇನ್ನೊಂದು ಚೀಲ ಬಿಚ್ಚದೇ ಇತ್ತು, ಅದನ್ನ ಸರಿಯಾದ ಮೀಟರಲ್ಲಿ ನೋಡಿಸಿದ್ರೆ ಹತ್ತು ಪರ್ಸೆಂಟ್ ತೇವ. ಬೀಜ ಏಳರ ಹತ್ತಿರ ಇರಬೇಕು. ಮೂರೇ ಪರ್ಸೆಂಟ್ ತಾನೇ ಅನ್ನಿಸುತ್ತೆ, 50 ಕೆಜಿಗೆ ಅದು ಒಂದೂವರೆ ಲೀಟರ್‌ಗಿಂತ ಜಾಸ್ತಿ ನೀರು. ಒಂದೂವರೆ ಲೀಟರ್ ನೀರಿಟ್ಟು ಮುಚ್ಚಳ ಬಿಗಿದಿದ್ದೆ ನಾನು. ಡ್ರಮ್ ಇಟ್ಟಿದ್ದು ಬಿಸಿಲು ಬೀಳೋ ತಗಡಿನ ಗೋಡೆಗೆ ಒರಗಿಸಿ, ಹಗಲು ಕಾಯ್ದು ರಾತ್ರಿ ತಣ್ಣಗಾದಾಗ ಒಳಗಿನ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಮೇಲಿನ ಬೀಜದ ಮೇಲೆ ಬಿದ್ದಿದೆ, ಅದಕ್ಕೇ ಮೇಲಿನ ಪದರ ಮೊದಲು ಹೋಗಿದ್ದು. ಸಾಲದ್ದಕ್ಕೆ ಎರಡು ದಿನಕ್ಕೊಮ್ಮೆ ಮುಚ್ಚಳ ತೆಗೆದು ತೂಗಿ ಕೊಡ್ತಿದ್ವಿ, ಬೂಸ್ಟಿಗೆ ಬೇಕಾದ ಗಾಳಿನೂ ನಾವೇ ಸಪ್ಲೈ. ಚೀಲದಲ್ಲೇ ಬಿಟ್ಟು ಪ್ಯಾಲೆಟ್ ಮೇಲೆ ಗೋಡೆಯಿಂದ ಎರಡಡಿ ದೂರ ಇಟ್ಟಿದ್ರೆ ಒಂದಿಷ್ಟು ಹುಳ ಬರ್ತಿತ್ತೇನೋ, ಅದು ಕಣ್ಣಿಗಾದ್ರೂ ಕಾಣ್ತಿತ್ತು.

ಈಗ ಕಡಲೆಬೀಜ ಬಂದ ದಿನ ಮೊದಲು ನೂರು ಬೀಜ ಒಡೆಯೋದು, ಚೀಲದ ಮೂಲೆ ತಣ್ಣಗಿದ್ರೆ ಸರಕು ತಗೊಂಡಿದೀವಿ ಅನ್ನೋ ಜಿಆರ್‌ಎನ್ ಚೀಟಿ ಮಾಡೋದೇ ಇಲ್ಲ, ಗಾಡಿ ವಾಪಸ್. ಸಪ್ಲೈಯರ್ ಹತ್ರ ಬೈಸ್ಕೋತೀನಿ. ತಗೊಳ್ಳೋದೂ ಎರಡು ವಾರಕ್ಕೆ ಆಗೋಷ್ಟೇ, ಇಡೋದು ತಣ್ಣನೆ ರೂಮಲ್ಲಿ. ಚೆಕ್‌ಲಿಸ್ಟಲ್ಲಿ ತೇವಕ್ಕೆ ಜಾಗ ಮಾಡಿ ಅಂತ ಮೂರು ಮೇಲ್ ಹಾಕಿದೀನಿ, "ಫಾರ್ಮ್ಯಾಟ್ ಹೆಡ್ ಆಫೀಸಿಂದ ಬರೋದು" ಅಂತ ಉತ್ತರ, ಹಂಗಾಗಿ ಪೆಸ್ಟ್ ಅನ್ನೋ ಡಬ್ಬಿಯ ಪಕ್ಕದಲ್ಲೇ ಪೆನ್ನಲ್ಲಿ ಬರೀತೀನಿ. ಸೆಲ್ ಬಂತು, ಮೀಟರ್‌ಗೆ ಹಿಡಿಸದ ಸೈಜಿಂದು.