ಡೂಪ್ಲಿಕೇಟ್ ಎಂದು ಬಿಸಾಡಿದ ಹನ್ನೊಂದು ಹಾಳೆ

ಹಳೆಯ ಕಾಲೇಜೊಂದರ ಗ್ರಂಥಾಲಯದ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡುವ ಕೆಲಸ ನನ್ನದು. ಸೇರಿದ ಮೊದಲ ವರ್ಷ ಅರ್ಥಶಾಸ್ತ್ರ ವಿಭಾಗದ ಬೀರುವಿನಲ್ಲಿ ಒಂದು ಹಳ್ಳಿ ಸಮೀಕ್ಷೆಯ ಟಿಪ್ಪಣಿ ಸಿಕ್ಕಿತು. ಒಂದೇ ಹಾಳೆಯ ಹನ್ನೆರಡು ಪ್ರತಿ, ಎಲ್ಲವೂ ನೇರಳೆ ಅಕ್ಷರ. ಬಿಳಿಯಾಗಿ, ಮಡಿಕೆ ಇಲ್ಲದೆ ಇದ್ದ ಒಂದನ್ನು ಇಟ್ಟುಕೊಂಡು ಉಳಿದ ಹನ್ನೊಂದನ್ನು 'ಡೂಪ್ಲಿಕೇಟ್' ಎಂದು ರದ್ದಿಗೆ ಹಾಕಿದೆ. ಫೈಲಿನ ಮೇಲೆ 'ಸೈಕ್ಲೋಸ್ಟೈಲ್' ಎಂದು ಬರೆದೆ. ಎರಡೂ ತಪ್ಪು.

ಎರಡನೆಯ ತಪ್ಪನ್ನು ಹಿಡಿದವರು ಪಿಂಚಣಿ ಕಾಗದಕ್ಕೆಂದು ಬಂದಿದ್ದ ಹಳೆಯ ಅಟೆಂಡರ್. "ಇದು ಸೈಕ್ಲೋಸ್ಟೈಲ್ ಅಲ್ಲ ಮೇಡಂ, ಸ್ಪಿರಿಟ್ ಮೆಷಿನ್‌ದು. ಹಸಿಹಸಿ ಹಾಳೆ ಕೊಟ್ರೆ ಹುಡುಗ್ರು ಮೂಗಿಗೆ ಹಿಡ್ಕೊಳ್ಳೋರು" ಎಂದರು. ಆಮೇಲೆ ಪಕ್ಕದಲ್ಲಿ ಕೂತು ಸೈಕ್ಲೋಸ್ಟೈಲ್, ಕಾರ್ಬನ್, ಸ್ಪಿರಿಟ್ ಮೂರನ್ನೂ ಬೇರೆ ಮಾಡಿ ತೋರಿಸಿದರು. ಸೈಕ್ಲೋಸ್ಟೈಲ್‌ನಲ್ಲಿ ಮೇಣದ ಸ್ಟೆನ್ಸಿಲ್ ಕೊರೆದು, ಆ ತೂತುಗಳಿಂದ ಎಣ್ಣೆಯ ಶಾಯಿ ಹಾಯಿಸುತ್ತಾರೆ. ಅದು ಸಾಮಾನ್ಯವಾಗಿ ಕಪ್ಪು, ಬೇಗ ಮಾಸುವುದಿಲ್ಲ. ಟೈಪು ಜೋರಾಗಿ ಬಿದ್ದರೆ ಸ್ಟೆನ್ಸಿಲ್‌ನ ಸೊನ್ನೆಯ ನಡುಭಾಗವೇ ಉದುರಿ, ಅನುಸ್ವಾರ ಕರಿ ಚುಕ್ಕೆಯಾಗುತ್ತದೆ. ಕಾರ್ಬನ್ ಪ್ರತಿಯಾದರೆ ತೆಳು ಹಾಳೆ. ಹಿಂಬದಿ ಬೆರಳಾಡಿಸಿದರೆ ಟೈಪಿನ ಉಬ್ಬು ತಾಗುತ್ತದೆ, ಮುಂಬದಿ ಉಜ್ಜಿದರೆ ಮಸಿ ಹರಡುತ್ತದೆ. ಸ್ಪಿರಿಟ್ ಪ್ರತಿಯಲ್ಲಿ ಈ ಉಬ್ಬು ಇರುವುದಿಲ್ಲ, ಅಕ್ಷರದ ಅಂಚು ಮೆತ್ತಗೆ.

ಅದರ ಕೆಲಸವೇ ಬೇರೆ. ಬಣ್ಣದ ಮೇಣದ ಹಾಳೆಯ ಮೇಲೆ ಮಾಸ್ಟರ್ ಎಂಬ ಮೂಲ ಹಾಳೆ ಇಟ್ಟು ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ, ಅದರ ಬೆನ್ನಿಗೆ ಬಣ್ಣ ತಿರುಗುಮುರುಗಾಗಿ ಅಂಟುತ್ತದೆ. ಸ್ಪಿರಿಟ್ ಸವರಿದ ಪ್ರತಿ ಹಾಳೆಯೂ ಅದರಿಂದ ಚೂರು ಬಣ್ಣ ಕರಗಿಸಿಕೊಂಡು ಹೋಗುತ್ತದೆ. ಮೊದಲ ಹಾಳೆಗಳು ಕಡು, ಕೊನೆಯವು ಪೇಲವ. ಸ್ಪಿರಿಟ್ ಹೆಚ್ಚಾದರೆ ಅಕ್ಷರ ಹರಡುತ್ತದೆ, ಒಂದು ಬದಿಗೆ ಕಡಿಮೆ ತಾಗಿದರೆ ಆ ಬದಿ ತೆಳುವಾಗುತ್ತದೆ. ನಾನು ಇಟ್ಟುಕೊಂಡ ಬಿಳಿ ಹಾಳೆ ಬಹುಶಃ ಕೊನೆಗೆ ಬಂದದ್ದು, ಯಾರ ಕೈಗೂ ಸಿಗದೆ ಕಟ್ಟಿನ ಮೇಲೇ ಉಳಿದದ್ದು. ರದ್ದಿಗೆ ಹೋದ ಚಹಾ ಕಲೆಯ ಹಾಳೆಗಳಲ್ಲೇ ಅಕ್ಷರ ಗಟ್ಟಿಯಾಗಿತ್ತು.

ಆ ಬಣ್ಣ ಬಾಯಿಹುಣ್ಣಿಗೆ ಹಚ್ಚುತ್ತಿದ್ದ ಜೆನ್ಶಿಯನ್ ವಯೊಲೆಟ್‌ನ ಕುಲದ್ದು. ಬಿಸಿಲಿಗೆ ಮಾಸುತ್ತದೆ, ಆಲ್ಕೋಹಾಲಿಗೆ ಕರಗುತ್ತದೆ. ಕೊರೊನಾ ಕಾಲದ ಅಭ್ಯಾಸದಿಂದ ಸ್ಯಾನಿಟೈಸರ್ ಹಚ್ಚಿಕೊಂಡು, ಕೈ ಒಣಗುವ ಮೊದಲೇ ಹಾಳೆ ಹಿಡಿದೆ. ಮೂಲೆಯಲ್ಲಿ ನನ್ನ ಹೆಬ್ಬೆರಳಿನ ನೇರಳೆ ಗುರುತು ಇವತ್ತಿಗೂ ಇದೆ.

ಮೊದಲ ತಪ್ಪು ಗೊತ್ತಾದದ್ದು ತಡವಾಗಿ. ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಬಂದು "ಮೇಡಂ, ಈ ಕೋಷ್ಟಕದ ಮೊತ್ತ ಕೂಡ್ತಿಲ್ಲ" ಎಂದಳು. ಕುಟುಂಬಗಳ ಸಂಖ್ಯೆ 38, 20, 21, 17; ಕೆಳಗೆ ಒಟ್ಟು 102. ಕೂಡಿದರೆ 96. ಆರು ಕಡಿಮೆ, ಅಂದರೆ 20 ಎಂದು ಕಾಣುವುದು 26 ಇರಬೇಕು. ನಾನು ಕಪ್ಪು-ಬಿಳುಪು ಮೋಡ್‌ನಲ್ಲಿ ಸ್ಕ್ಯಾನ್ ಮಾಡಿದ್ದೆ. ಆ ಮೋಡ್ ಒಂದು ಮಿತಿಗಿಂತ ತೆಳುವಾದದ್ದನ್ನೆಲ್ಲ ಬಿಳಿ ಮಾಡಿಬಿಡುತ್ತದೆ. ಆರರ ಬಾಲ ಅಲ್ಲೇ ಹೋಗಿ, ಕೆಳಗಿನ ಸುತ್ತು ಸೊನ್ನೆಯಾಗಿತ್ತು.

ಮತ್ತೆ ಕಲರ್‌ನಲ್ಲಿ, 400 ಡಿಪಿಐಗೆ ಸ್ಕ್ಯಾನ್ ಮಾಡಿದೆ. ಕಲರ್ ಸ್ಕ್ಯಾನ್‌ನಲ್ಲಿ ಕೆಂಪು, ಹಸಿರು, ನೀಲಿ ಬೆಳಕು ಮೂರು ಬೇರೆ ಚಾನೆಲ್‌ಗಳಾಗಿರುತ್ತವೆ. ನೇರಳೆ ಬಣ್ಣ ನೀಲಿ ಬೆಳಕನ್ನು ಬಹುಪಾಲು ಹಿಂದಕ್ಕೆ ಕೊಡುತ್ತದೆ, ಹಸಿರನ್ನು ನುಂಗುತ್ತದೆ. ಹಳದಿಗೆ ತಿರುಗಿದ ಕಾಗದ ನೀಲಿಯನ್ನೇ ನುಂಗುತ್ತದೆ. ಹಾಗಾಗಿ ನೀಲಿ ಚಾನೆಲ್‌ನಲ್ಲಿ ಅಕ್ಷರವೂ ಕಾಗದವೂ ಒಂದೇ ಮಬ್ಬು. ಹಸಿರು ಚಾನೆಲ್‌ನಲ್ಲಿ ಅಕ್ಷರ ಕಪ್ಪಾಗಿ ಎದ್ದು ಕಾಣುತ್ತದೆ. ಗ್ರೇ ಮೋಡ್‌ನಲ್ಲಿ ಮೂರೂ ಬೆರೆತು ಅಂತರ ಕುಗ್ಗುತ್ತದೆ. ಇಮೇಜ್‌ಮ್ಯಾಜಿಕ್ ತಂತ್ರಾಂಶದಲ್ಲಿ ಈ ಎರಡು ಸಾಲು ಓಡಿಸಿದೆ.

```
magick page.tif -channel G -separate green.tif
magick green.tif \( +clone -blur 0x40 \) -compose Divide_Src -composite out.tif
```

ಮೊದಲ ಸಾಲು ಹಸಿರನ್ನು ಮಾತ್ರ ಬಿಡಿಸುತ್ತದೆ, ಎರಡನೆಯದು ಕಾಗದದ ಕಲೆ, ನೆರಳನ್ನು ಸಮಮಾಡುತ್ತದೆ. ಆರರ ಬಾಲ ಕೂದಲೆಳೆಯಷ್ಟು ಕಂಡಿತು. ಕಲರ್ ಮೂಲವನ್ನು ಮಾತ್ರ ಅಳಿಸಲಿಲ್ಲ. ಅಷ್ಟಾದರೂ ಬುದ್ಧಿ ಬಂದಿತ್ತು.

ಆದರೆ ಇರುವ ಬಣ್ಣವನ್ನು ಎತ್ತಿ ತೋರಿಸಬಹುದೇ ಹೊರತು, ಹೋದದ್ದನ್ನು ತರಲಾಗದು. ಹಾಳೆಯ ಬಲ ಅಂಚು ಕಟ್ಟಿನಿಂದ ಹೊರಗೆ ಚಾಚಿಕೊಂಡಿತ್ತು. ಕಿಟಕಿಯ ಬೆಳಕಿಗೆ ಆ ಪಟ್ಟಿ ಪೂರ್ತಿ ಮಾಸಿತ್ತು. ಎರಡನೆಯ ಪ್ರತಿಯಿದ್ದಿದ್ದರೆ ಅದನ್ನು ನೋಡಿ ತುಂಬಬಹುದಿತ್ತು. ರದ್ದಿಯವನು ಒಯ್ದು ಏಳು ತಿಂಗಳಾಗಿತ್ತು. ಕ್ಯಾಟಲಾಗಿನಲ್ಲಿ 'ಸ್ಪಿರಿಟ್ ಪ್ರತಿ' ಎಂದು ತಿದ್ದಿ, ಕೋಷ್ಟಕದ ಬಲಗಡೆಯ ಮೂರು ಚೌಕಗಳ ಎದುರು 'ಓದಲಾಗಲಿಲ್ಲ' ಎಂದು ಬರೆದೆ.